ಏಜೆಂಟ್ ತಂದ ಆಫರ್ ಲೆಟರ್ ಅಸಲಿಯೇ?

“ಏಜೆಂಟ್ ಕೆನಡಾದ ಕಾಲೇಜಿನ ಆಫರ್ ಲೆಟರ್ ಕೊಟ್ಟಿದ್ದಾರೆ ಸರ್. ಸ್ಕಾಲರ್‌ಶಿಪ್ ಕೂಡ ಸಿಕ್ಕಿದೆಯಂತೆ. ಶುಕ್ರವಾರದೊಳಗೆ ಹಣ ಕಟ್ಟಬೇಕಂತೆ. ಕಟ್ಟಬಹುದೇ?”

ಪತ್ರವನ್ನಷ್ಟೇ ನೋಡಿ ಇದಕ್ಕೆ ಉತ್ತರ ಹೇಳಲಾಗದು. ಲಾಂಛನ, ಸಹಿ, ವಿದ್ಯಾರ್ಥಿ ಸಂಖ್ಯೆ ಎಲ್ಲವನ್ನೂ ಒಂದು ಅಸಲಿ ಪತ್ರದಿಂದ ಎತ್ತಿ ಇನ್ನೊಂದಕ್ಕೆ ಅಂಟಿಸುವುದು ಇಂದು ಅರ್ಧ ಗಂಟೆಯ ಕೆಲಸ. ಬ್ಯಾಂಕಿನಲ್ಲಿ ವಿದೇಶಿ ಪಾವತಿಗಳನ್ನು ನೋಡಿಕೊಳ್ಳುತ್ತಿದ್ದ ನಾನು ಇಂಥ ಪತ್ರಗಳನ್ನು ಬಹಳ ಕಂಡಿದ್ದೇನೆ. ಪತ್ರ ನಿಜವೋ ಸುಳ್ಳೋ ಎಂಬುದು ಪ್ರತಿ ಸಲವೂ ತಿಳಿದದ್ದು ಪತ್ರದ ಹೊರಗೆ ವಿಚಾರಿಸಿದಾಗಲೇ.

ಸೋಮವಾರಪೇಟೆ ಕಡೆಯ ಬೆಳೆಗಾರರೊಬ್ಬರ ಮಗಳ ಪ್ರಕರಣವನ್ನೇ ಹೇಳುತ್ತೇನೆ. ಕಾಫಿ ಕೊಯ್ಲು ಮುಗಿದು ಮಾರಾಟದ ಹಣ ಆಗಷ್ಟೇ ಕೈಗೆ ಬಂದಿತ್ತು. ಕೊಡಗಿನ ಮನೆಗಳಿಗೆ ಹಣ ಯಾವ ತಿಂಗಳಲ್ಲಿ ಬರುತ್ತದೆ ಎಂಬುದು ಈ ಏಜೆಂಟರಿಗೆ ಚೆನ್ನಾಗಿ ಗೊತ್ತಿರುತ್ತದೆ. ಪತ್ರದಲ್ಲಿ ಒಂಟಾರಿಯೊ ಪ್ರಾಂತ್ಯದ ಒಂದು ಕಾಲೇಜಿನ ಹೆಸರಿತ್ತು. ವರ್ಷದ ಶುಲ್ಕ 24,000 ಡಾಲರ್, ವಿದ್ಯಾರ್ಥಿವೇತನ 7,000, ಕಟ್ಟಬೇಕಾದದ್ದು 17,000 ಎಂದು ಬರೆದಿತ್ತು. ಸೀಟು ಕಾಯ್ದಿರಿಸಲು 6 ಲಕ್ಷ ರೂಪಾಯಿಯನ್ನು ಬೆಂಗಳೂರಿನ ಒಂದು ಚಾಲ್ತಿ ಖಾತೆಗೆ ಹಾಕಬೇಕಿತ್ತು.

ಮೊದಲು ಕಾಲೇಜನ್ನು ಹುಡುಕಿದೆವು. ಕೆನಡಾದಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಅನುಮತಿ ಪಡೆದ ಸಂಸ್ಥೆಗಳ ಪಟ್ಟಿಯನ್ನು ಅಲ್ಲಿನ ವಲಸೆ ಇಲಾಖೆಯೇ canada.ca ತಾಣದಲ್ಲಿ ಪ್ರಕಟಿಸುತ್ತದೆ. ಅಂಥ ಸಂಸ್ಥೆಗೆ ಡಿಎಲ್‌ಐ ಎನ್ನುತ್ತಾರೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆ ಇದೆ, ಅದು O ಎಂಬ ಅಕ್ಷರದಿಂದ ಆರಂಭವಾಗುತ್ತದೆ. ಆ ಕಾಲೇಜು ಪಟ್ಟಿಯಲ್ಲಿತ್ತು, ಪತ್ರದಲ್ಲಿದ್ದ ಸಂಖ್ಯೆಯೂ ಹೊಂದಿತು. ಹುಡುಗಿಯ ತಂದೆ ನಿಟ್ಟುಸಿರು ಬಿಟ್ಟರು. ಹೆಚ್ಚಿನವರು ನಿಲ್ಲುವುದು ಇಲ್ಲಿಯೇ, ಮೋಸ ಹೋಗುವುದೂ ಇಲ್ಲಿಯೇ. ಪಟ್ಟಿ ಎಲ್ಲರಿಗೂ ತೆರೆದಿದೆ, ಸಂಖ್ಯೆಯನ್ನು ಯಾರು ಬೇಕಾದರೂ ನೋಡಿ ಬರೆದುಕೊಳ್ಳಬಹುದು. ಕಾಲೇಜು ಇದೆ ಎಂಬುದು ಅದರಿಂದ ಖಚಿತವಾಗುತ್ತದೆಯೇ ಹೊರತು ಈ ಹುಡುಗಿಗೆ ಅಲ್ಲಿ ಸೀಟು ಇದೆ ಎಂಬುದಲ್ಲ.

ಅದೇ ಪಟ್ಟಿಯಲ್ಲಿ ನೋಡಬೇಕಾದ ಇನ್ನೊಂದು ಅಂಕಣವಿದೆ. ಓದು ಮುಗಿದ ಮೇಲೆ ಕೆಲಸದ ಪರವಾನಗಿಗೆ ಅರ್ಹವಾದ ಕೋರ್ಸುಗಳು ಆ ಸಂಸ್ಥೆಯಲ್ಲಿ ಇವೆಯೇ ಇಲ್ಲವೇ ಎಂಬುದನ್ನು ಅದು ಹೇಳುತ್ತದೆ. ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಅನುಮತಿ ಇದ್ದೂ ಇಲ್ಲಿ “ಇಲ್ಲ” ಎಂದಿರುವ ಖಾಸಗಿ ಕಾಲೇಜುಗಳು ಬಹಳ. “ಓದು ಮುಗಿದ ಕೂಡಲೇ ಕೆಲಸ ಗ್ಯಾರಂಟಿ” ಎಂದು ಏಜೆಂಟ್ ಹೇಳಿದ್ದರೆ ಆ ಅಂಕಣವನ್ನು ಅವರ ಎದುರಿಗೇ ತೆರೆದು ತೋರಿಸಿ ಕೇಳಿ.

ಮುಂದಿನದು ಇ-ಮೇಲ್. ಪತ್ರದ ತಳದಲ್ಲಿದ್ದ ವಿಳಾಸದಲ್ಲಿ ಕಾಲೇಜಿನ ಹೆಸರೇನೋ ಇತ್ತು, ಆದರೆ @ ಚಿಹ್ನೆಯ ನಂತರದ ಭಾಗ ಕಾಲೇಜಿನ ಜಾಲತಾಣದ ವಿಳಾಸಕ್ಕೆ ಹೊಂದುತ್ತಿರಲಿಲ್ಲ. ಪತ್ರದಲ್ಲಿರುವ ದೂರವಾಣಿಗೆ ಕರೆ ಮಾಡಿ “ಈ ಪತ್ರ ನಿಮ್ಮದೇ?” ಎಂದು ಕೇಳುವುದು ವ್ಯರ್ಥ, ಪತ್ರ ಬರೆದವರೇ ಅಲ್ಲಿ ಉತ್ತರಿಸುತ್ತಾರೆ. ನಾವು ಸರ್ಕಾರಿ ಪಟ್ಟಿಯಲ್ಲಿದ್ದ ಹೆಸರನ್ನು ಹಿಡಿದು ಕಾಲೇಜಿನ ಜಾಲತಾಣಕ್ಕೆ ಹೋಗಿ, ಅಲ್ಲಿ ಸಿಕ್ಕ ಪ್ರವೇಶ ವಿಭಾಗದ ವಿಳಾಸಕ್ಕೆ ಹುಡುಗಿಯ ಇ-ಮೇಲ್‌ನಿಂದಲೇ ಬರೆದೆವು. ಹೆಸರು, ಹುಟ್ಟಿದ ದಿನಾಂಕ, ವಿದ್ಯಾರ್ಥಿ ಸಂಖ್ಯೆ ಕೊಟ್ಟು ಪತ್ರವನ್ನೂ ಲಗತ್ತಿಸಿದೆವು. ಈ ಹೆಸರಿನ ಅರ್ಜಿಯೇ ತಮಗೆ ಬಂದಿಲ್ಲ, ಸಂಖ್ಯೆ ಬೇರೊಬ್ಬರದು ಎಂದು ಉತ್ತರ ಬಂತು.

ವಿದ್ಯಾರ್ಥಿವೇತನದ ಗುಟ್ಟು ಅದೇ ಜಾಲತಾಣದಲ್ಲಿ ಬಯಲಾಯಿತು. ವಿದೇಶಿ ವಿದ್ಯಾರ್ಥಿಗಳಿಗೆ ಕಾಲೇಜು ಪ್ರಕಟಿಸಿದ್ದ ಶುಲ್ಕವೇ ವರ್ಷಕ್ಕೆ ಸುಮಾರು 17,000 ಡಾಲರ್. ಇಲ್ಲದ ಶುಲ್ಕವನ್ನು ಏರಿಸಿ ಬರೆದು, ಏರಿಸಿದ್ದನ್ನೇ ವಿದ್ಯಾರ್ಥಿವೇತನ ಎಂದು ಕಳೆದಿದ್ದರು. ನಿಜವಾದ ವಿದ್ಯಾರ್ಥಿವೇತನವನ್ನು ಕಾಲೇಜು ಸಾಮಾನ್ಯವಾಗಿ ತನ್ನ ಶುಲ್ಕದ ಬಿಲ್ಲಿನಲ್ಲೇ ಕಳೆದು ತೋರಿಸುತ್ತದೆ. ಅದನ್ನು “ಬಿಡುಗಡೆ” ಮಾಡಿಸಲು ಸಂಸ್ಕರಣಾ ಶುಲ್ಕವನ್ನೋ ತೆರಿಗೆಯನ್ನೋ ಮುಂಗಡ ಕಟ್ಟಿ ಎಂದರೆ ಮಾತುಕತೆಯನ್ನು ಅಲ್ಲಿಗೇ ಮುಗಿಸಬೇಕು.

ಹಣದ ದಾರಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ವಿದೇಶದ ಶುಲ್ಕವನ್ನು ತಂದೆತಾಯಿ ತಮ್ಮ ಬ್ಯಾಂಕಿನ ಮೂಲಕವೇ ಕಳುಹಿಸಬಹುದು. ಪ್ಯಾನ್ ಸಂಖ್ಯೆ ಕೊಟ್ಟು, ವಿದೇಶಕ್ಕೆ ಹಣ ಕಳುಹಿಸಲು ಬ್ಯಾಂಕ್ ಕೊಡುವ ಎ2 ನಮೂನೆ ತುಂಬಿ, ಉದ್ದೇಶದ ಸಂಕೇತವಾಗಿ S0305 ಎಂದು ಬರೆಯಬೇಕು. ವಿದೇಶಿ ವ್ಯಾಸಂಗದ ಶುಲ್ಕ, ಹಾಸ್ಟೆಲ್ ವೆಚ್ಚಕ್ಕೆ ಇರುವ ಸಂಕೇತ ಅದು. ಹಣ ಹೋದ ಮೇಲೆ ಬ್ಯಾಂಕಿನಿಂದ ಸ್ವಿಫ್ಟ್ ಪ್ರತಿಯನ್ನು, ಅಂದರೆ ಹಣ ಕಳುಹಿಸಲು ಬ್ಯಾಂಕ್ ರವಾನಿಸಿದ ಸಂದೇಶದ ಪ್ರತಿಯನ್ನು, ಕೇಳಿ ಪಡೆಯಿರಿ. ಹಣ ಯಾರ ಹೆಸರಿಗೆ ಹೋಯಿತು ಎಂಬುದು ಅದರಲ್ಲಿ ಇರುತ್ತದೆ. ಆ ಹೆಸರು ಕಾಲೇಜಿನದ್ದೇ ಆಗಿರಬೇಕು, ಇಲ್ಲವೇ ಕಾಲೇಜು ತನ್ನ ಜಾಲತಾಣದಲ್ಲಿ ಹೆಸರಿಸಿರುವ ಪಾವತಿ ಸಂಸ್ಥೆಯದ್ದಾಗಿರಬೇಕು. “ನಮ್ಮ ಖಾತೆಗೆ ಹಾಕಿ, ನಾವು ಒಟ್ಟಿಗೆ ಕಳುಹಿಸುತ್ತೇವೆ” ಎಂಬ ಮಾತಿಗೆ ಒಪ್ಪಬೇಡಿ. ಏಜೆಂಟ್ ತನ್ನ ಸೇವೆಗೆ ಹಣ ಕೇಳುವುದು ಬೇರೆ ವಿಷಯ, ಅದಕ್ಕೆ ಪ್ರತ್ಯೇಕ ರಸೀದಿ ಪಡೆಯಿರಿ. ಗೋಡೆಯ ಮೇಲೆ ಚೌಕಟ್ಟು ಹಾಕಿ ತೂಗುಹಾಕಿದ ಜಿಎಸ್‌ಟಿ ಪ್ರಮಾಣಪತ್ರ ತೆರಿಗೆಯ ನೋಂದಣಿ ಮಾತ್ರ, ಕಾಲೇಜು ನೇಮಿಸಿದ್ದಕ್ಕೆ ಅದು ಸಾಕ್ಷಿಯಾಗದು. ತಾವು ನೇಮಿಸಿದ ಪ್ರತಿನಿಧಿಗಳ ಪಟ್ಟಿಯನ್ನು ಎಷ್ಟೋ ಕಾಲೇಜುಗಳು ಪ್ರಕಟಿಸುತ್ತವೆ. ಪ್ರಕಟಿಸದಿದ್ದರೆ ಪ್ರವೇಶ ವಿಭಾಗಕ್ಕೆ ಬರೆಯುವಾಗ ಅದನ್ನೂ ಕೇಳಿ.

“ವೀಸಾ ಬಂದರೆ ಪತ್ರ ನಿಜ ತಾನೆ?” ಎಂದು ಆ ತಂದೆ ಕೇಳಿದರು. ಹಾಗೆ ನಂಬಿದವರ ಕಥೆ 2023ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಪಂಜಾಬಿನಿಂದ ಹೋದ ಅನೇಕ ವಿದ್ಯಾರ್ಥಿಗಳಿಗೆ ವೀಸಾ ಸಿಕ್ಕಿತ್ತು. ಅಲ್ಲಿಗೆ ಹೋದ ಮೇಲೆ ಸೀಟು ತುಂಬಿದೆ ಎಂದು ಹೇಳಿ ಏಜೆಂಟ್ ಅವರನ್ನು ಬೇರೆ ಕಾಲೇಜಿಗೆ ಸೇರಲು ಬಿಟ್ಟ. ವರ್ಷಗಳ ನಂತರ ಕಾಯಂ ವಾಸಕ್ಕೆ ಅರ್ಜಿ ಹಾಕಿದಾಗ ಮೊದಲ ಪ್ರವೇಶ ಪತ್ರ ಖೋಟಾ ಎಂದು ಹೊರಬಿದ್ದು ಗಡೀಪಾರಿನ ನೋಟಿಸು ಬಂತು. 2023ರ ಡಿಸೆಂಬರ್ 1ರಿಂದ ಕೆನಡಾ ಪ್ರತಿ ಪ್ರವೇಶ ಪತ್ರವನ್ನು ಕಾಲೇಜಿನಿಂದಲೇ ದೃಢಪಡಿಸಿಕೊಳ್ಳುತ್ತಿದೆ. ಖೋಟಾ ಪತ್ರ ಈಗ ಅರ್ಜಿಯ ಹಂತದಲ್ಲೇ ಸಿಕ್ಕಿಬೀಳುವ ಸಂಭವ ಹೆಚ್ಚು. ಆದರೆ ಸುಳ್ಳು ಮಾಹಿತಿ ಕೊಟ್ಟರೆಂದು ತೀರ್ಮಾನವಾದರೆ ಐದು ವರ್ಷ ಆ ದೇಶಕ್ಕೆ ಪ್ರವೇಶವಿಲ್ಲ. ಈ ಶಿಕ್ಷೆ ಬೀಳುವುದು ಅರ್ಜಿಯಲ್ಲಿ ಹೆಸರಿರುವ ಮಗುವಿನ ಮೇಲೆ.

ಅದಕ್ಕಾಗಿಯೇ ಅರ್ಜಿಯ ಲಾಗಿನ್ ಮತ್ತು ಪಾಸ್‌ವರ್ಡ್ ಮಕ್ಕಳ ಕೈಯಲ್ಲೇ ಇರಬೇಕು ಎಂದು ನಾನು ಹಟ ಹಿಡಿಯುತ್ತೇನೆ. ಏಜೆಂಟ್ ತನ್ನ ಇ-ಮೇಲ್‌ನಿಂದಲೇ ಎಲ್ಲ ಮಾಡಿದರೆ ಕಾಲೇಜಿನ ಉತ್ತರ, ಇಲಾಖೆಯ ಪ್ರಶ್ನೆ, ತಿರಸ್ಕಾರದ ಪತ್ರ ಯಾವುದೂ ಮನೆಗೆ ಬರುವುದಿಲ್ಲ. ಹಣ ಪಡೆದು ಅರ್ಜಿ ತುಂಬಿದವರ ಹೆಸರು ಅರ್ಜಿಯಲ್ಲಿ ಪ್ರತಿನಿಧಿ ಎಂದು ನಮೂದಾಗಿರಬೇಕು. ಅದಕ್ಕೆ ಒಪ್ಪದ ಏಜೆಂಟನ್ನು ಬಿಟ್ಟುಬಿಡಿ.

ಈಗಾಗಲೇ ಹಣ ಹಾಕಿಬಿಟ್ಟಿದ್ದರೆ ಏಜೆಂಟನ ಜೊತೆ ವಾದಿಸುತ್ತ ದಿನ ಕಳೆಯಬೇಡಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಆ ಖಾತೆಯಲ್ಲಿ ಹಣ ಉಳಿದಿರುವಾಗಲೇ ಅದನ್ನು ತಡೆಹಿಡಿಯಲು ಸಾಧ್ಯ. ನಂತರ cybercrime.gov.in ತಾಣದಲ್ಲಿ ದೂರು ದಾಖಲಿಸಿ, ಪಾವತಿಯ ವಿವರ, ವಾಟ್ಸ್‌ಆ್ಯಪ್ ಸಂದೇಶಗಳು ಮತ್ತು ಕಾಲೇಜಿನ ಉತ್ತರವನ್ನು ಹಿಡಿದು ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಮಡಿಕೇರಿಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಖೋಟಾ ಪತ್ರದ ಮೇಲೆ ವೀಸಾ ಅರ್ಜಿಯೂ ಹೋಗಿದ್ದರೆ ಇಲಾಖೆ ಕೇಳುವವರೆಗೆ ಕಾಯದೆ, ಮೋಸ ನಡೆದಿರುವುದನ್ನು ದೂರಿನ ಪ್ರತಿಯ ಸಮೇತ ಮಗುವಿನ ಹೆಸರಿನಲ್ಲೇ ಬರೆದು ತಿಳಿಸಿ.