ಗೆರೆ ಗಾಢವಾಗಿದೆ, ಅಂಡ ಹೊರಬಂತೇ?

"ನನಗೆ ಪೀರಿಯಡ್ಸ್ ಒಮ್ಮೆ 38 ದಿನಕ್ಕೆ ಬರುತ್ತೆ, ಒಮ್ಮೆ 50 ದಿನ ಆಗುತ್ತೆ. ಓವ್ಯುಲೇಶನ್ ಕಿಟ್ ತಂದು ನೋಡಿದರೆ ಒಂದೇ ಸೈಕಲ್‌ನಲ್ಲಿ ಎರಡು ಸಲ ಪಾಸಿಟಿವ್ ಬಂತು. ಯಾವುದನ್ನು ನಂಬಲಿ?"

ಎರಡನೆಯದನ್ನು. ಹೆಚ್ಚಿನ ಸಲ ಅದೇ ಸರಿ. ಆದರೆ ಅದನ್ನೂ ಸ್ಟ್ರಿಪ್ ನೋಡಿದ ದಿನವೇ ನಂಬಬೇಡಿ. ಅದರ ಮುಂದಿನ ಮೂರು ನಾಲ್ಕು ದಿನ ದೇಹ ಏನು ಮಾಡಿತು ಅನ್ನೋದನ್ನು ನೋಡಿ ನಂಬಿ.

ಯಾಕೆ ಅಂದರೆ ಈ ಕಿಟ್ ಅಂಡವನ್ನು ನೋಡುವುದೇ ಇಲ್ಲ. ಅದು ಮೂತ್ರದಲ್ಲಿರುವ ಎಲ್‌ಎಚ್ ಎಂಬ ಹಾರ್ಮೋನನ್ನು ಮಾತ್ರ ನೋಡುತ್ತದೆ. ಅಂಡಾಶಯದಲ್ಲಿ ಅಂಡ ಇರುವ ಪುಟ್ಟ ಚೀಲಕ್ಕೆ ಫಾಲಿಕಲ್ ಅನ್ನುತ್ತಾರೆ. ಅದು ಬೆಳೆದಂತೆ ಈಸ್ಟ್ರೋಜನ್ ಎಂಬ ಹಾರ್ಮೋನ್ ಏರುತ್ತದೆ. ಈಸ್ಟ್ರೋಜನ್ ಸಾಕಷ್ಟು ಏರಿ, ಎರಡು ದಿನ ಹಾಗೇ ನಿಂತರೆ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಒಮ್ಮೆಲೇ ಎಲ್‌ಎಚ್ ಸುರಿಸುತ್ತದೆ. ಇದನ್ನೇ ಸರ್ಜ್ ಅನ್ನುವುದು. ಅದು ಫಾಲಿಕಲ್‌ಗೆ "ಒಡೆ" ಎಂದು ಹೋಗುವ ಅಪ್ಪಣೆ. ಅಪ್ಪಣೆ ಹೊರಟಿದೆ ಎಂದು ಕಿಟ್ ಹೇಳುತ್ತದೆ. ಫಾಲಿಕಲ್ ಅದನ್ನು ಪಾಲಿಸಿತೋ ಇಲ್ಲವೋ, ಅದಕ್ಕೆ ಗೊತ್ತಿಲ್ಲ.

ಸೈಕಲ್ ಸರಿಯಾಗಿ ಬರುವವರಲ್ಲಿ ಅಪ್ಪಣೆ ಹೊರಟರೆ ಸಾಮಾನ್ಯವಾಗಿ ಕೆಲಸ ಆಗಿಯೇ ಆಗುತ್ತದೆ. ಗೆರೆ ಪಾಸಿಟಿವ್ ಆದ ಒಂದು, ಒಂದೂವರೆ ದಿನದಲ್ಲಿ ಅಂಡ ಹೊರಬರುತ್ತದೆ. ಪಿಸಿಓಡಿ ಎಂಬ ಅಂಡಾಶಯದ ತೊಂದರೆ ಇರುವವರಲ್ಲಿ, ಸೈಕಲ್ ತುಂಬಾ ಏರುಪೇರು ಇರುವವರಲ್ಲಿ ಎರಡು ತೊಡಕು ಬರುತ್ತವೆ.

ಒಂದು, ಕೆಲವರಿಗೆ ಎಲ್‌ಎಚ್ ಮೊದಲಿನಿಂದಲೇ ಜಾಸ್ತಿ. ಬಹಳಷ್ಟು ಸ್ಟ್ರಿಪ್‌ಗಳು ಒಂದು ಮಿಲಿಲೀಟರ್‌ಗೆ ಸುಮಾರು 25 ಮಿಲಿ ಯೂನಿಟ್ ದಾಟಿದರೆ ಪಾಸಿಟಿವ್ ತೋರಿಸುವ ಹಾಗೆ ಮಾಡಿರುತ್ತಾರೆ. ಎಲ್ಲ ಹೆಂಗಸರಿಗೂ ಅದೇ ಅಳತೆ. ನಿಮ್ಮ ಮಾಮೂಲಿ ಮಟ್ಟವೇ ಅದರ ಹತ್ತಿರ ಇದ್ದರೆ, ಏನೂ ಆಗದ ದಿನವೂ ಗೆರೆ ಗಾಢವಾಗಿಯೇ ಕಾಣುತ್ತದೆ. ಎಂಟು ಹತ್ತು ದಿನ ಬಿಡದೆ ಪಾಸಿಟಿವ್ ಬಂದರೆ ಅದು ಸರ್ಜ್ ಅಲ್ಲ. ಸರ್ಜ್ ಏರಬೇಕು, ಒಂದೆರಡು ದಿನ ಇದ್ದು ಇಳಿಯಬೇಕು.

ಇನ್ನೊಂದು, ಫಾಲಿಕಲ್ ಬೆಳೆಯಲು ಹೊರಟು ಅರ್ಧಕ್ಕೇ ಸೋಲುತ್ತದೆ. ಎಲ್‌ಎಚ್ ಏರುತ್ತದೆ, ಆದರೆ ಅಂಡ ಹೊರಬರದೆ ಎಲ್ಲ ತಣ್ಣಗಾಗುತ್ತದೆ. ಒಂದೆರಡು ವಾರ ಬಿಟ್ಟು ದೇಹ ಮತ್ತೆ ಪ್ರಯತ್ನಿಸುತ್ತದೆ. ನಿಮಗೆ ಎರಡು ಪಾಸಿಟಿವ್ ಬಂದದ್ದು ಹೀಗೆ. ಮೊದಲನೆಯ ಸಲವೇ ಅಂಡ ಹೊರಬಂದಿದ್ದರೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಏರಿ ಎಲ್‌ಎಚ್ ಅನ್ನು ಅದುಮಿಡುತ್ತಿತ್ತು. ಆಗ ಎರಡನೆಯ ಸರ್ಜ್ ಬರುವುದು ಕಷ್ಟ. ಇಲ್ಲಿ ಒಂದು ಎಚ್ಚರಿಕೆ: ಮೊದಲ ಪಾಸಿಟಿವ್ ಆಗಿ ಎರಡು ವಾರ ದಾಟಿದ ಮೇಲೆ ಗೆರೆ ಮತ್ತೆ ಗಾಢವಾದರೆ ಗರ್ಭದ ಟೆಸ್ಟ್ ಕೂಡ ಮಾಡಿ. ಗರ್ಭದ ಹಾರ್ಮೋನ್ ಎಲ್‌ಎಚ್‌ನಂತೆಯೇ ಇರುವುದರಿಂದ ಈ ಸ್ಟ್ರಿಪ್ ಅದಕ್ಕೂ ಗೆರೆ ತೋರಿಸಬಹುದು.

ಒಬ್ಬರ ಪಟ್ಟಿ ನನಗೆ ಚೆನ್ನಾಗಿ ನೆನಪಿದೆ. ಅವರ ಹಿಂದಿನ ಮೂರು ಸೈಕಲ್ 38, 51, 44 ದಿನದ್ದು. ಬ್ಲೀಡಿಂಗ್ ಶುರುವಾದದ್ದನ್ನು 1ನೇ ದಿನ ಅಂತ ಲೆಕ್ಕ ಹಿಡಿದು, 14ನೇ ದಿನದಿಂದ ಸ್ಟ್ರಿಪ್ ನೋಡಿದರು. ಮೊದಲ ನಾಲ್ಕು ದಿನ ಟೆಸ್ಟ್ ಗೆರೆ, ಸ್ಟ್ರಿಪ್ ಸರಿ ಇದೆ ಎಂದು ತೋರಿಸುವ ಕಂಟ್ರೋಲ್ ಗೆರೆಯ ಅರ್ಧದಷ್ಟು ಬಣ್ಣ ಇತ್ತು. ಗರ್ಭದ ಟೆಸ್ಟ್‌ನಲ್ಲಿ ಮಸುಕು ಗೆರೆಯೂ ಲೆಕ್ಕಕ್ಕೆ ಬರುತ್ತದೆ, ಇಲ್ಲಿ ಬರುವುದಿಲ್ಲ. ಟೆಸ್ಟ್ ಗೆರೆ ಕಂಟ್ರೋಲ್ ಗೆರೆಯಷ್ಟೇ ಇಲ್ಲವೇ ಅದಕ್ಕಿಂತ ಗಾಢವಾಗಿದ್ದರೆ ಮಾತ್ರ ಪಾಸಿಟಿವ್.

18 ಮತ್ತು 19ನೇ ದಿನ ಎರಡೂ ಗೆರೆ ಸಮ ಬಂದವು. 20ಕ್ಕೆ ಮಸುಕಾಯಿತು. ಅವರಿಗೆ ಖುಷಿ. ಅಂಡ ಹೊರಬಂತು ಅಂತಲೇ ತಿಳಿದು 26ನೇ ದಿನ ರಕ್ತದಲ್ಲಿ ಪ್ರೊಜೆಸ್ಟರಾನ್ ನೋಡಿಸಿದರು. ಬಂದದ್ದು 0.8. ಇದು ಒಂದು ಮಿಲಿಲೀಟರ್‌ಗೆ 3 ನ್ಯಾನೋಗ್ರಾಂ ದಾಟಿದ್ದರೆ ಅಂಡ ಹೊರಬಂದಿದೆ ಎನ್ನಬಹುದಿತ್ತು. ಈ ತಿಂಗಳು ಹೋಯಿತು ಅಂದುಕೊಂಡು ಸ್ಟ್ರಿಪ್ ನಿಲ್ಲಿಸಲು ಹೊರಟಿದ್ದರು.

ನಾನು ಅವರಿಗೆ ತೋರಿಸಿದ್ದು ಇನ್ನೊಂದು ಕಾಲಂ. ಬೆಳಗ್ಗೆ ಎದ್ದ ಕೂಡಲೇ, ಹಾಸಿಗೆ ಬಿಡುವ ಮೊದಲೇ, ಅವರು ಮೈ ಬಿಸಿ ಅಳೆದು ಬರೆದಿದ್ದರು. 19ರ ನಂತರವೂ ಅದು 36.3, 36.4ರಲ್ಲೇ ಇತ್ತು. ಅಂಡ ಹೊರಬಂದರೆ ಪ್ರೊಜೆಸ್ಟರಾನ್‌ನಿಂದ ಮೈ ಬಿಸಿ ಕಡಿಮೆ ಅಂದರೂ 0.2 ಡಿಗ್ರಿ ಏರಿ, ಹಾಗೇ ನಿಲ್ಲುತ್ತದೆ. ಇವರಲ್ಲಿ ಏರಿರಲಿಲ್ಲ. ಅಂದರೆ ಸೈಕಲ್ ಮುಗಿದಿರಲಿಲ್ಲ, ಅಂಡ ಇನ್ನೂ ಬರಬೇಕಿತ್ತು.

ಸ್ಟ್ರಿಪ್ ಮುಂದುವರಿಸಿದರು. 31ನೇ ದಿನ ಟೆಸ್ಟ್ ಗೆರೆ ಕಂಟ್ರೋಲ್‌ಗಿಂತ ಗಾಢವಾಯಿತು, 32ರಂದೂ ಹಾಗೇ, 33ಕ್ಕೆ ಮಸುಕು. 34ರ ಬೆಳಗ್ಗೆ ಮೈ ಬಿಸಿ 36.6. ಮುಂದಿನ ಎರಡು ದಿನ 36.7. ಮೂರು ದಿನ ಮೇಲೇ ನಿಂತ ಮೇಲೆ ನಾವು ನಂಬಿದೆವು. 40ನೇ ದಿನ ಪ್ರೊಜೆಸ್ಟರಾನ್ 11 ಬಂತು. 47ನೇ ದಿನ ಪೀರಿಯಡ್ಸ್ ಆಯಿತು. ಅಂಡ ಹೊರಬಂದದ್ದು ಸುಮಾರು 33ರಂದು, ಅಲ್ಲಿಂದ ಲೆಕ್ಕ ಹಾಕಿದರೆ ಸರಿಯಾಗಿ 14 ದಿನ.

"21ನೇ ದಿನದ ಪ್ರೊಜೆಸ್ಟರಾನ್" ಎಂಬ ಮಾತು ಇಲ್ಲಿ ತುಂಬಾ ಜನರನ್ನು ದಾರಿ ತಪ್ಪಿಸುತ್ತದೆ. ಅದು 28 ದಿನದ ಸೈಕಲ್‌ಗೆ ಮಾಡಿದ ಲೆಕ್ಕ. ಅಂಡ ಹೊರಬಂದ ಏಳು ದಿನಕ್ಕೆ ನೋಡಬೇಕಾದ ಟೆಸ್ಟ್ ಅದು. ನಿಮಗೆ ಆ ಏಳನೇ ದಿನ ಸೈಕಲ್‌ನ 40ನೇ ದಿನ ಆಗಿರಬಹುದು.

ಇವರು 18ರ ಗೆರೆಯನ್ನೇ ನಂಬಿ, ಆ ಎರಡು ಮೂರು ದಿನ ಮಾತ್ರ ಗಂಡನ ಜೊತೆ ಸೇರಿ ಸುಮ್ಮನಾಗಿದ್ದರೆ ಗರ್ಭ ನಿಲ್ಲುವ ಮಾತೇ ಇರಲಿಲ್ಲ. ವೀರ್ಯಾಣು ಐದು ದಿನದವರೆಗೆ ಬದುಕಬಹುದು, ಅಂಡ ಬದುಕುವುದು ಒಂದು ದಿನ ಮಾತ್ರ. ಹಾಗಾಗಿ ಇವರಿಗೆ ಬೇಕಿದ್ದದ್ದು 28ರಿಂದ 33ರವರೆಗಿನ ದಿನಗಳು. ಗಮನಿಸಿ, ಗೆರೆ ಪಾಸಿಟಿವ್ ಆಗುವಷ್ಟರಲ್ಲಿ ಅದರಲ್ಲಿ ಅರ್ಧ ಕಳೆದಿತ್ತು. ಅದಕ್ಕೇ ಸೈಕಲ್ ಏರುಪೇರು ಇರುವವರಿಗೆ ಗೆರೆಗಾಗಿ ಕಾಯಬೇಡಿ ಅನ್ನುತ್ತೇನೆ. ಎರಡು ಮೂರು ದಿನಕ್ಕೊಮ್ಮೆ ಸೇರುತ್ತಿರಿ. ಗೆರೆ ಗಾಢವಾದಾಗ ಆ ದಿನ ಮತ್ತು ಮರುದಿನ ಇನ್ನೊಮ್ಮೆ.

ಸ್ಟ್ರಿಪ್ ನೋಡುವ ಹೊತ್ತೂ ಮುಖ್ಯ. ಸರ್ಜ್ ಹೆಚ್ಚಾಗಿ ಬೆಳಗಿನ ಜಾವ ರಕ್ತದಲ್ಲಿ ಶುರುವಾಗುತ್ತದೆ, ಮೂತ್ರಕ್ಕೆ ಇಳಿಯಲು ಕೆಲವು ಗಂಟೆ ಬೇಕು. ಆದ್ದರಿಂದ ಮಧ್ಯಾಹ್ನ ಇಲ್ಲವೇ ಸಂಜೆ, ದಿನಾ ಒಂದೇ ಹೊತ್ತಿಗೆ ನೋಡಿ. ಅದಕ್ಕೆ ಮೊದಲು ಎರಡು ಗಂಟೆ ಜಾಸ್ತಿ ನೀರು ಕುಡಿಯಬೇಡಿ. ಕಿಟ್‌ನಲ್ಲಿ ಹೇಳಿದಷ್ಟು ನಿಮಿಷದೊಳಗೆ ಓದಿ, ಫೋಟೊ ತೆಗೆದು ದಿನಾಂಕ ಹಾಕಿಡಿ. ನಿನ್ನೆಯ ಗೆರೆಯ ಪಕ್ಕದಲ್ಲಿಟ್ಟು ನೋಡಿದಾಗಲೇ ಇವತ್ತಿನ ಗೆರೆಗೆ ಅರ್ಥ.

ಗೆರೆ ಇಳಿಯುವುದೇ ಇಲ್ಲ, ಮೈ ಬಿಸಿಯೂ ಏರುವುದಿಲ್ಲ ಅಂತಾದರೆ ಸ್ಟ್ರಿಪ್‌ಗೆ ಹಣ ಹಾಕುವುದು ಬಿಡಿ. ಫಾಲಿಕಲ್ ಬೆಳೆಯುವುದನ್ನೂ ಒಡೆಯುವುದನ್ನೂ ಸ್ಕ್ಯಾನ್‌ನಲ್ಲಿ ನೋಡಬಹುದು. ಪಾಸಿಟಿವ್ ಬಂದು 17 ದಿನ ಆದರೂ ಪೀರಿಯಡ್ಸ್ ಇಲ್ಲ, ಗರ್ಭದ ಟೆಸ್ಟ್ ನೆಗೆಟಿವ್ ಅಂದರೆ ಹೆಚ್ಚಾಗಿ ಆ ಸರ್ಜ್ ಸೋತಿತ್ತು ಎಂದು ಬರೆದುಕೊಳ್ಳಿ. ಡಾಕ್ಟರ ಹತ್ತಿರ ಹೋಗುವಾಗ ಆ ಪಟ್ಟಿಯನ್ನೂ ಫೋಟೊಗಳನ್ನೂ ತೆಗೆದುಕೊಂಡು ಹೋಗಿ.