ಒಂದೇ ಚೆಕ್ಕು, ಎರಡು ಸಲ ವಾಪಸ್

ನಮ್ಮ ಬ್ಯಾಂಕ್ ಶಾಖೆಯಲ್ಲಿ, ಬೇರೆ ಬ್ಯಾಂಕಿನ ಚೆಕ್ಕುಗಳ ಹಣ ತರಿಸುವ ಕ್ಲಿಯರಿಂಗ್ ಟೇಬಲ್ ನನ್ನದು. ಕಳೆದ ಏಪ್ರಿಲ್‌ನಲ್ಲಿ ಹಾರ್ಡ್‌ವೇರ್ ಅಂಗಡಿಯವರೊಬ್ಬರು, ಚೆಕ್ಕು ವಾಪಸಾದ ಕಾರಣ ಬರೆದಿರುವ ರಿಟರ್ನ್ ಮೆಮೊ ಹಿಡಿದು ಬಂದರು. ಮುಖ ಕೆಂಪಾಗಿತ್ತು. ನಿವೃತ್ತ ಮೇಷ್ಟ್ರೊಬ್ಬರು ಕೊಟ್ಟಿದ್ದ 85,000 ರೂಪಾಯಿಯ ಚೆಕ್ಕು, ದಿನಾಂಕ ಜನವರಿ 8. ಅದನ್ನು ಇವರು ಏಪ್ರಿಲ್ 2ಕ್ಕೆ ಹಾಕಿದ್ದರು, ಮರುದಿನವೇ ‘ಸಹಿ ಹೊಂದುತ್ತಿಲ್ಲ’ ಎಂದು ವಾಪಸ್ ಬಂದಿತ್ತು.

"ಮೋಸ ಮಾಡಿದ್ರು ಸಾರ್" ಅಂದರು. ಮೋಸವೇನೂ ಇರಲಿಲ್ಲ. ಮೇಷ್ಟ್ರ ಕೈ ಈಗ ನಡುಗುತ್ತದೆ, ಖಾತೆ ತೆರೆದಾಗ ಕೊಟ್ಟ ಮಾದರಿ ಸಹಿ ಮಾತ್ರ ಹಳೆಯದೇ. ಅವರ ಬ್ಯಾಂಕಿನವರು ನೋಡುವುದು ಪರದೆ ಮೇಲೆ ಚೆಕ್ಕಿನ ಚಿತ್ರವನ್ನು. ಪಕ್ಕದಲ್ಲಿ ಹಳೆಯ ಸಹಿ. ಮನುಷ್ಯನ ಗುರುತು ಅಲ್ಲಿ ಲೆಕ್ಕಕ್ಕಿಲ್ಲ.

ತಪ್ಪಾಗಿದ್ದು ಆಮೇಲೆ. ಮೇಷ್ಟ್ರು ಒಳ್ಳೆಯ ಮನಸ್ಸಿನಿಂದ "ಬ್ಯಾಂಕಿಗೆ ಹೋಗಿ ಸಹಿ ಬದಲಾಯಿಸ್ತೀನಿ, ಅದೇ ಚೆಕ್ಕು ಇನ್ನೊಮ್ಮೆ ಹಾಕಿ" ಅಂದರು. ಗುರುತಿನ ಚೀಟಿ ಕೊಟ್ಟು ಹೊಸ ಸಹಿ ದಾಖಲಾಗುವಷ್ಟರಲ್ಲಿ ಏಪ್ರಿಲ್ 10. ಅಂಗಡಿಯವರು 12ಕ್ಕೆ ಮತ್ತೆ ಹಾಕಿದರು. ಈ ಸಲ ‘ಅವಧಿ ಮೀರಿದೆ’. 2012ರ ಏಪ್ರಿಲ್‌ನಿಂದ ಚೆಕ್ಕಿಗೆ ಮೂರೇ ತಿಂಗಳ ಆಯಸ್ಸು. ಆರು ತಿಂಗಳೆಂಬ ಹಳೇ ಲೆಕ್ಕ ಇಟ್ಟುಕೊಂಡವರು ಈಗಲೂ ಸಿಗುತ್ತಾರೆ.

ದಿನಾಂಕ ಹೊಡೆದು ಹೊಸದು ಬರೆದು ಪೂರ್ತಿ ಸಹಿ ಹಾಕಬಹುದು, ಆ ಒಂದು ತಿದ್ದುಪಡಿಗೆ ಮಾತ್ರ ಅವಕಾಶವಿದೆ. ಹೆಸರು, ಮೊತ್ತ ತಿದ್ದಿದರೆ ಕ್ಲಿಯರಿಂಗ್‌ನಲ್ಲಿ ನಡೆಯದು. ಆದರೆ ಒಮ್ಮೆ ಸಹಿಗೆ ಸಿಕ್ಕಿಬಿದ್ದ ಚೆಕ್ಕಿನ ಮೇಲೆ ಇನ್ನೊಂದು ಸಹಿ ಯಾಕೆ? ಮೊದಲ ದಿನವೇ ಹೊಸ ಚೆಕ್ಕು ಅಥವಾ ನೆಫ್ಟ್ ಕೇಳಿದ್ದರೆ ಸಾಕಿತ್ತು.

ಹಣ ಬರದಿದ್ದರೆ ಅಂತ ಅಂಗಡಿಯವರಿಗೆ ಭಯ. ಮೊದಲ ಮೆಮೊ ಜೋಪಾನವಾಗಿಡಿ ಎಂದೆ. ಸಹಿ ವ್ಯತ್ಯಾಸದಿಂದ ವಾಪಸಾದ ಚೆಕ್ಕೂ, ಚೆಕ್ ಬೌನ್ಸ್ ಅಪರಾಧದ 138ನೇ ಕಲಮಿಗೆ ಒಳಪಡಬಹುದು ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಆದರೆ ಚೆಕ್ಕು ಅವಧಿಯೊಳಗೆ ಹಾಕಿರಬೇಕು. ಹಾಗಾಗಿ ಎರಡನೇ ಮೆಮೊ ಈ ಕೆಲಸಕ್ಕೆ ಬಾರದು. ವಾಪಸಾದ ಸುದ್ದಿ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್, ಅದು ತಲುಪಿದ ಮೇಲೆ ಚೆಕ್ಕು ಕೊಟ್ಟವರಿಗೆ ಹಣ ಕಟ್ಟಲು 15 ದಿನ. ಇವರ 30 ದಿನ ಶುರುವಾದದ್ದು ಏಪ್ರಿಲ್ 3ರಿಂದ. ಚೆಕ್ಕು ಸತ್ತರೂ ಸಾಲ ಸಾಯುವುದಿಲ್ಲ, ಅದು ಬೇರೆ ಮಾತು.

ನೋಟಿಸ್ ಬೇಕಾಗಲಿಲ್ಲ. ಮೇಷ್ಟ್ರು ಹೊಸ ಚೆಕ್ಕು ತಂದುಕೊಟ್ಟು, ಹಳೆಯದನ್ನು ವಾಪಸ್ ಇಸ್ಕೊಂಡರು. ಆಗಲೇ ನಾನು ಕೇಳಿದ್ದು: "ಮೇಷ್ಟ್ರೇ, ಹಳೇ ಸಹಿಯಲ್ಲಿ ಬೇರೆ ಯಾರಿಗಾದ್ರೂ ಚೆಕ್ಕು ಕೊಟ್ಟಿದೀರಾ?" ಸ್ವಲ್ಪ ಹೊತ್ತು ಸುಮ್ಮನಿದ್ದರು. ಮೊಮ್ಮಗಳ ಶಾಲೆಗೆ ಕೊಟ್ಟದ್ದು ಒಂದಿತ್ತು, ಇನ್ನೂ ಪಾಸಾಗಿರಲಿಲ್ಲ.