ಅಕ್ಕನಿಗೆ ಗೂಳಿ, ನನಗೆ ಎತ್ತು

ಬೆಳಗಿನ ಜಾವ ಎಚ್ಚರವಾದಾಗ ಕನಸು ಇನ್ನೂ ಕಣ್ಣ ಮುಂದೆಯೇ ಇತ್ತು. ಇಕ್ಕಟ್ಟಾದ ಒಂದು ಓಣಿ. ಕೊನೆಯಲ್ಲಿ ಬಾಗಿಲು. ಬಾಗಿಲಿಗೆ ಅಡ್ಡವಾಗಿ ಒಂದು ಎತ್ತು. ನಾನು ಒಳಗೆ ಹೋಗಬೇಕು, ಅದು ಅಲುಗುತ್ತಿಲ್ಲ. ಸುಮ್ನೆ ನನ್ನನ್ನೇ ನೋಡುತ್ತಿದೆ.

ಮಗ್ಗುಲು ಬದಲಿಸದೆ ಹಾಗೇ ಮಲಗಿದ್ದೆ. ಕಣ್ಣುಗುಡ್ಡೆ ಚುರುಕಾಗಿ ಓಡಾಡುವ ನಿದ್ದೆಯಲ್ಲೇ ಇಂಥ ಎದ್ದುಕಾಣುವ ಕನಸುಗಳು ಜಾಸ್ತಿ. ಆ ನಿದ್ದೆ ಸುಮಾರು 90 ನಿಮಿಷಕ್ಕೊಮ್ಮೆ ಬಂದುಹೋಗುತ್ತದೆ, ಬೆಳಗಾಗುತ್ತಾ ಬಂದಂತೆ ಹೆಚ್ಚು ಹೊತ್ತು ಇರುತ್ತದೆ. ಆದರೆ ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಅರ್ಧ ಮರೆತೇ ಹೋಗುತ್ತದೆ. ಅದಕ್ಕೇ ದಿಂಬಿನ ಪಕ್ಕ ಒಂದು ಪುಸ್ತಕ ಇಟ್ಟಿರುತ್ತೇನೆ. ಕಂಡಷ್ಟನ್ನೂ ಬರೆದು ಕೊನೆಗೆ ‘ತುಂಬಾ ಭಯವಾಯಿತು’ ಅಂತ ಸೇರಿಸಿದೆ.

ಮಧ್ಯಾಹ್ನ ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

“ಗೂಳಿ ಕನಸಾ? ನನಗೂ ಆಗಾಗ ಬರುತ್ತೆ ಕಣೇ. ಅಟ್ಟಿಸಿಕೊಂಡು ಬರುತ್ತೆ, ನನಗೆ ಕಾಲೇ ಕೀಳೋಕಾಗಲ್ಲ.”

“ಗೂಳಿ ಅಲ್ಲಕ್ಕ, ಎತ್ತು.”

“ಮಾವನ ಮನೇಲಿತ್ತಲ್ಲ, ಆ ಬಿಳೀದೇ ತಾನೆ?”

ಹೌದು, ಅದೇ. ಇಬ್ಬರ ಕನಸಿಗೂ ಬರುವುದು ಒಂದೇ ಪ್ರಾಣಿ. ಅವಳ ಬಾಯಲ್ಲಿ ಅದು ಗೂಳಿ, ನನ್ನ ಬಾಯಲ್ಲಿ ಎತ್ತು. ಅವಳಿಗೆ ಏಳು ವರ್ಷವಿದ್ದಾಗ ಅದು ತಲೆ ಬೀಸಿದ ರಭಸಕ್ಕೆ ಗೋಡೆಗೆ ಬಡಿದು ಅವಳ ಮೊಣಕೈ ಮುರಿದಿತ್ತು. ನಾನು ಇನ್ನೂ ಚಿಕ್ಕವಳು. ಅದು ಮಲಗಿದ್ದಾಗ ಹೊಟ್ಟೆಗೆ ಒರಗಿ ಕೂರುತ್ತಿದ್ದೆ. ನೊಗ ಉಜ್ಜಿ ಉಜ್ಜಿ ಅದರ ಹೆಗಲ ಮೇಲೆ ಕೂದಲು ಉದುರಿ, ಚರ್ಮ ದಪ್ಪಗೆ, ಕಪ್ಪಗೆ ಆಗಿತ್ತು. ಅಲ್ಲಿ ಕೈಯಾಡಿಸಿದರೆ ಕಣ್ಣು ಮುಚ್ಚುತ್ತಿತ್ತು.

ಮತ್ತೆ ನಾನು ಭಯ ಅಂತ ಯಾಕೆ ಬರೆದೆ? ದಾರಿಗೆ ಅಡ್ಡ ದೊಡ್ಡ ಪ್ರಾಣಿ ನಿಂತರೆ ಭಯವೇ ಇರಬೇಕು ಅಂತ ಎದ್ದ ಮೇಲೆ ನಾನೇ ಅಂದುಕೊಂಡಿದ್ದೆ. ನನ್ನ ಪ್ರಕಾರ ಎಲ್ಲರೂ ಎಡವುವುದು ಇಲ್ಲೇ. ಸಂಜೆ ಕಣ್ಣು ಮುಚ್ಚಿ ಮತ್ತೆ ಆ ಓಣಿಯಲ್ಲಿ ನಿಂತು ನೋಡಿದೆ. ಎದೆ ಹೊಡೆದುಕೊಳ್ಳಲಿಲ್ಲ. ಗಂಟಲು ಕಟ್ಟಿತು. ಅದರ ಮುಖ ನೋಡಲು ನಾಚಿಕೆಯಾಯಿತು.

ಆಮೇಲೆ ಕನಸನ್ನು ಬದಿಗಿಟ್ಟು, ಎತ್ತನ್ನೇ ಕಂಡಿರದ ಯಾರಿಗೋ ಹೇಳುವ ಹಾಗೆ ಮೂರು ಸಾಲು ಬರೆದೆ. ‘ಎಷ್ಟು ಹೇರಿದರೂ ಎಳೆಯುತ್ತದೆ. ಬೇಡ ಅನ್ನಲು ಅದಕ್ಕೆ ಬಾಯಿಲ್ಲ. ಸಾಕಾದಾಗ ಒಂದು ದಿನ ನಿಂತುಬಿಡುತ್ತದೆ.’ ಮೂರನೇ ಸಾಲು ಬರೆದಾಗ ಕೈ ನಿಂತಿತು. ಎರಡು ತಿಂಗಳಿಂದ ರಜೆ ಹಾಕಿದವರ ಕೆಲಸವನ್ನೆಲ್ಲ ನಾನೇ ಮಾಡುತ್ತಿದ್ದೆ, ಕೇಳಿದವರಿಗೆಲ್ಲ ‘ಪರವಾಗಿಲ್ಲ’ ಅನ್ನುತ್ತಿದ್ದೆ.

ಇದೇ ಮೂರು ಸಾಲು ಅಕ್ಕನಿಂದ ಹೇಳಿಸಿದ್ದರೆ? ‘ಸುಮ್ನೆ ಇರುತ್ತೆ, ಯಾವಾಗ ತಿರುಗಿ ಬೀಳುತ್ತೆ ಗೊತ್ತಾಗಲ್ಲ’ ಅನ್ನುತ್ತಿದ್ದಳು. ಅವಳ ಬದುಕಿನಲ್ಲಿ ಅದು ಬೇರೆ ಯಾರದೋ ಮುಖ. ಎತ್ತು ಕಂಡರೆ ಇಂಥದ್ದೇ ಫಲ ಅಂತ ಹೇಳುವವರು ನಮ್ಮಿಬ್ಬರಲ್ಲಿ ಯಾರ ಎತ್ತನ್ನು ನೋಡಿ ಹೇಳುತ್ತಾರೆ? ಎರಡನೇ ಶತಮಾನದಲ್ಲಿ ಕನಸಿನ ಅರ್ಥಗಳನ್ನೇ ಗ್ರೀಕ್‌ನಲ್ಲಿ ಗ್ರಂಥವಾಗಿ ಬರೆದ ಆರ್ಟೆಮಿಡೋರಸ್ ಕೂಡ, ಕನಸು ಕಂಡವರು ಯಾರು, ಏನು ಕೆಲಸ, ಆರೋಗ್ಯ ಹೇಗಿದೆ ಅಂತ ಮೊದಲು ತಿಳಿದುಕೊಳ್ಳಿ ಅಂದಿದ್ದ.

ಎಲ್ಲ ಕನಸಿಗೂ ಈ ದಾರಿ ಹಿಡಿಯುವುದಿಲ್ಲ. ಅದೇ ವಾರ ಕೋತಿಯೊಂದು ನನ್ನ ಚೀಲ ಕಿತ್ತುಕೊಂಡು ಹೋದ ಕನಸು ಬಿತ್ತು. ‘ಕಣ್ಣು ತಪ್ಪಿಸಿ ಕಿತ್ಕೊಳ್ಳುತ್ತೆ’ ಅಂತ ಬರೆದೆ. ಮೈಯಲ್ಲಿ ಏನೂ ಮಿಸುಕಲಿಲ್ಲ. ಹಿಂದಿನ ರಾತ್ರಿ ಮಲಗುವ ಮುಂಚೆ ಕೋತಿಗಳ ವಿಡಿಯೋ ನೋಡಿದ್ದೆ, ಅಷ್ಟೇ. ಎಳೆದೆಳೆದು ಅರ್ಥ ಹೊಂದಿಸಬಹುದಿತ್ತು, ಬಿಟ್ಟುಬಿಟ್ಟೆ.

ಮುಂದಿನ ತಿಂಗಳು ಅಕ್ಕನದೇ ಫೋನ್ ಬಂತು. “ಈ ಸಲ ಕುದುರೆ ಕಣೇ. ಓಡ್ತಾ ಇಲ್ಲ, ನನ್ನ ಮಂಚದ ಪಕ್ಕ ನಿಂತಿದೆ. ಒಳ್ಳೇದಾ, ಕೆಟ್ಟದ್ದಾ?”

“ಅದಿರಲಿ. ಕುದುರೆ ಅಂದ್ರೆ ಎಂಥ ಪ್ರಾಣಿ, ನೀನೇ ಹೇಳು.”

“ಎಂಥದ್ದು ಅಂದ್ರೆ... ಚೆನ್ನಾಗಿರುತ್ತೆ. ಓಡುತ್ತೆ. ನಿಂತ್ಕೊಂಡೇ ತೂಕಡಿಸುತ್ತಂತೆ ಅಲ್ವಾ? ಮಲಗಿದ್ದು ನಾನು ನೋಡೇ ಇಲ್ಲ.”

ಹಾಗಂದವಳು ಸುಮ್ಮನಾದಳು. ಆರು ತಿಂಗಳಿಂದ ಅವಳ ಅತ್ತೆ ಹಾಸಿಗೆ ಹಿಡಿದಿದ್ದರು. ರಾತ್ರಿ ಎದ್ದು ನೋಡಿಕೊಳ್ಳುವವಳು ಅವಳೊಬ್ಬಳೇ. ನಾನೂ ಏನೂ ಹೇಳಲಿಲ್ಲ. ಫೋನಿನಲ್ಲಿ ಅವಳ ಉಸಿರು ಕೇಳಿಸುತ್ತಿತ್ತು.